ಪೌಚು ಅಚ್ಚಿಗೆ ಹೋಗುವ ಮುನ್ನ: ಕಡಿಮೆ ಖರ್ಚಿನ ಮಾರುಕಟ್ಟೆ ಸಮೀಕ್ಷೆಯನ್ನು ಎಷ್ಟು ನಂಬಬಹುದು?

ಸಣ್ಣ ಪ್ರಮಾಣದಲ್ಲಿ ತಿಂಡಿ, ಪುಡಿ, ಹಿಟ್ಟು ಮಾಡಿ ಮಾರುವವರ ದುಡ್ಡು ಮೊದಲು ಸಿಕ್ಕಿಹಾಕಿಕೊಳ್ಳುವುದು ಪ್ಯಾಕಿಂಗ್‌ನಲ್ಲಿ. ಬಣ್ಣದ ಅಚ್ಚಿನ ಪೌಚು ಬೇಕೆಂದರೆ ಮುದ್ರಕರು ಸಾವಿರಗಟ್ಟಲೆ ಆರ್ಡರ್ ಕೇಳುತ್ತಾರೆ. ಹೆಸರು, ತೂಕ, ಮಾಡುವ ವಿಧಾನ ಎಲ್ಲವೂ ಅದರ ಮೇಲೆ ಅಚ್ಚಾಗುವುದರಿಂದ ಒಂದು ಲೆಕ್ಕ ತಪ್ಪಿದರೂ ಅಷ್ಟೂ ಪೌಚು ಮೂಲೆ ಸೇರುತ್ತದೆ. ಹಾಗಾಗಿ ಅಚ್ಚಿಗೆ ಕೊಡುವ ಮೊದಲು ನಾಲ್ಕು ಜನರನ್ನು ಕೇಳಿ ನೋಡೋಣ ಅನ್ನುವುದು ಸಹಜ. ದೊಡ್ಡ ಕಂಪನಿಗಳಂತೆ ಸಮೀಕ್ಷಾ ಸಂಸ್ಥೆಗೆ ಲಕ್ಷಗಟ್ಟಲೆ ಕೊಡಲು ಆಗದವರಿಗೂ ಈಗ ದಾರಿಗಳಿವೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪೋಲ್ ಹಾಕಬಹುದು, ಗೂಗಲ್ ಫಾರ್ಮ್ ಕಳಿಸಬಹುದು, ಇದೇ ಬಗೆಯ ಉತ್ಪನ್ನದ ಕೆಳಗೆ ಜನ ಬರೆದ ಕಾಮೆಂಟುಗಳನ್ನು ಓದಬಹುದು. ಇವುಗಳಿಗೆ ತಗಲುವ ಖರ್ಚು ಬಹುಪಾಲು ನಮ್ಮ ಸಮಯ ಮಾತ್ರ.

ತೊಂದರೆ ಬರುವುದು ಬಳಸುವ ಕ್ರಮದಲ್ಲಿ. ಹೆಚ್ಚಿನವರು ಪೋಲ್‌ನಿಂದಲೇ ಶುರು ಮಾಡುತ್ತಾರೆ. ‘ರಾಗಿ ದೋಸೆ ಮಿಕ್ಸ್ ತಂದರೆ ಕೊಳ್ಳುತ್ತೀರಾ?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಹೌದು ಅನ್ನುತ್ತಾರೆ, ಹಿಂದೆಯೇ ಒಂದಿಷ್ಟು ಕೈ ಮುಗಿದ ಎಮೋಜಿಗಳೂ ಬರುತ್ತವೆ. ಮಾಲು ಬಂದಾಗ ಕೊಳ್ಳುವವರು ಒಬ್ಬಿಬ್ಬರು. ಜನ ಸುಳ್ಳು ಹೇಳಿದರು ಎಂದೇನೂ ಅಲ್ಲ. ನಮಗೆ ಮೊದಲೇ ತಿಳಿದಿರುವ ಆಯ್ಕೆಗಳಲ್ಲಿ ಎಷ್ಟು ಮಂದಿ ಯಾವ ಕಡೆ ಎಂಬುದನ್ನಷ್ಟೇ ಪೋಲ್ ಎಣಿಸಬಲ್ಲದು. ಆ ಆಯ್ಕೆಗಳೇ ಸರಿಯೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಕಾಮೆಂಟುಗಳನ್ನು ಓದಬೇಕು, ಜನರನ್ನು ಎದುರಿಗೆ ಕೂರಿಸಿ ಕೇಳಬೇಕು. ಇಷ್ಟೆಲ್ಲ ಆದಮೇಲೂ, ಉತ್ತರ ಕೊಡುವವರ ಕೈಯಿಂದ ಏನಾದರೂ ಖರ್ಚಾಗುವ ತನಕ ಅವರು ನಿಜಕ್ಕೂ ಕೊಳ್ಳುತ್ತಾರೆಯೇ ಎಂಬುದು ಗೊತ್ತಾಗುವುದಿಲ್ಲ. ಮೊದಲು ಕಾಮೆಂಟು, ಆಮೇಲೆ ಮಾತುಕತೆ, ಆಮೇಲೆ ಪೋಲ್, ಕೊನೆಗೆ ಮುಂಗಡ: ಈ ಕ್ರಮವನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ತುಮಕೂರು ಕಡೆಯ ಒಂದು ಮಹಿಳಾ ಸ್ವಸಹಾಯ ಸಂಘ ರಾಗಿ ದೋಸೆಯ ರೆಡಿ ಮಿಕ್ಸ್ ಮಾಡಿ ಬೆಂಗಳೂರಿನಲ್ಲಿ ಮಾರಬೇಕೆಂದಿದೆ ಎಂದುಕೊಳ್ಳೋಣ. ಸಂಘ ಕಾಲ್ಪನಿಕ, ಅದರ ಹೆಸರಿನಲ್ಲಿ ಮುಂದೆ ಬರುವ ಮಾತುಗಳೂ ಅಂಕಿಗಳೂ ಲೆಕ್ಕ ವಿವರಿಸಲು ಇಟ್ಟುಕೊಂಡವು. ವಿಧಾನಗಳು ಮಾತ್ರ ಮಾರುಕಟ್ಟೆ ಸಂಶೋಧಕರು ನಿತ್ಯ ಬಳಸುವಂಥವು.

ಕಾಮೆಂಟುಗಳನ್ನು ಓದುವುದು

ಸಂಘದ ಮಿಕ್ಸ್ ಇನ್ನೂ ಮಾರುಕಟ್ಟೆಗೆ ಬಂದಿಲ್ಲ, ಆದರೆ ಅಂಥದೇ ಮಿಕ್ಸ್‌ಗಳು ಆನ್‌ಲೈನ್ ಅಂಗಡಿಗಳಲ್ಲಿವೆ, ಅವುಗಳ ಕೆಳಗೆ ಕೊಂಡವರ ಮಾತುಗಳೂ ಇವೆ. ಮೂರು ಬ್ರ್ಯಾಂಡ್‌ಗಳಿಂದ ತಲಾ 40ರಂತೆ 120 ಕಾಮೆಂಟು ಆರಿಸಿಕೊಂಡರೆ ಇಬ್ಬರು ಒಂದು ದಿನ ಕೂತು ಓದಿ ಮುಗಿಸಬಹುದು.

ಯಾವ ಕಾಮೆಂಟು ಆರಿಸಬೇಕು ಎಂಬುದು ಮುಖ್ಯ. ಆನ್‌ಲೈನ್ ರೇಟಿಂಗ್‌ಗಳು ಸಾಮಾನ್ಯವಾಗಿ ಎರಡು ತುದಿಗಳಲ್ಲಿ ಗುಂಪುಗೂಡುತ್ತವೆ ಎಂದು ನಾನ್ ಹು ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಐದು ಸ್ಟಾರ್ ಕೊಟ್ಟವರು ಬಹಳ, ಒಂದು ಸ್ಟಾರ್ ಕೊಟ್ಟವರು ಒಂದಷ್ಟು, ನಡುವೆ ಕಡಿಮೆ. ತುಂಬ ಖುಷಿಯಾದವರು, ತುಂಬ ಸಿಟ್ಟಾದವರು ಬರೆಯುತ್ತಾರೆ; ಪರವಾಗಿಲ್ಲ ಅನ್ನಿಸಿದವರು ಸುಮ್ಮನಿರುತ್ತಾರೆ. ಹೀಗಾಗಿ ಸರಾಸರಿ ಸ್ಟಾರ್ ನಮಗೆ ಹೆಚ್ಚೇನೂ ಹೇಳುವುದಿಲ್ಲ. ಐದು ಸ್ಟಾರಿನವರು ‘ಸೂಪರ್’ ಎಂದು ಮುಗಿಸುತ್ತಾರೆ, ಒಂದು ಸ್ಟಾರಿನವರು ಬಹಳ ಸಲ ಪಾರ್ಸೆಲ್ ಹರಿದದ್ದಕ್ಕೆ ಬೈದಿರುತ್ತಾರೆ. ಉತ್ಪನ್ನದ ವಿಷಯ ಸಿಗುವುದು ಎರಡು, ಮೂರು, ನಾಲ್ಕು ಸ್ಟಾರಿನ ಕಾಮೆಂಟುಗಳಲ್ಲಿ. ‘ರುಚಿ ಚೆನ್ನಾಗಿದೆ, ಆದರೆ…’ ಎಂದು ಶುರುವಾಗುವ ವಾಕ್ಯದ ಉಳಿದರ್ಧ ನಮಗೆ ಬೇಕಾದದ್ದು.

ಓದುತ್ತ ಒಂದು ಶೀಟಿನಲ್ಲಿ ಬರೆದುಕೊಳ್ಳಬೇಕು. ಒಂದು ಕಾಮೆಂಟಿಗೆ ಒಂದು ಸಾಲು. ಮೊದಲ ಕಾಲಂನಲ್ಲಿ ಬರೆದವರ ಮಾತು ಇದ್ದ ಹಾಗೇ, ಎರಡನೆಯದರಲ್ಲಿ ಅವರು ಅದನ್ನು ಯಾವ ಹೊತ್ತಿನಲ್ಲಿ, ಯಾರಿಗಾಗಿ ಮಾಡಿದರು, ಮೂರನೆಯದರಲ್ಲಿ ಎದುರಾದ ತೊಡಕು, ನಾಲ್ಕನೆಯದರಲ್ಲಿ ಅದಕ್ಕೆ ಮೊದಲು ಏನು ಬಳಸುತ್ತಿದ್ದರು. ತೊಡಕಿನ ಹೆಸರುಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳುವುದು ಬೇಡ. ಇಪ್ಪತ್ತು ಮೂವತ್ತು ಕಾಮೆಂಟು ಓದಿದಮೇಲೆ ತಾವಾಗಿಯೇ ನಾಲ್ಕೈದು ಗುಂಪುಗಳು ಕಾಣಿಸಿಕೊಳ್ಳುತ್ತವೆ. ಎಣಿಕೆಯ ಕೆಲಸ ಒಂದು ಸಾಲಿನ ಸೂತ್ರದಲ್ಲಿ ಮುಗಿಯುತ್ತದೆ:

```
=COUNTIF(C2:C121,"ಅಂಟುತ್ತದೆ")
```

ಗುಂಪು ಮಾಡುವ ಕೆಲಸವನ್ನು ಇಬ್ಬರು ಬೇರೆಬೇರೆಯಾಗಿ ಮಾಡಿ, ಆಮೇಲೆ ಹೋಲಿಸಬೇಕು. ಐದರಲ್ಲಿ ನಾಲ್ಕು ಸಾಲಾದರೂ ಇಬ್ಬರ ಶೀಟಿನಲ್ಲೂ ಒಂದೇ ಗುಂಪಿಗೆ ಹೋಗಿರಬೇಕು. ಹಾಗಾಗದಿದ್ದರೆ ಗುಂಪಿನ ಹೆಸರೇ ಸ್ಪಷ್ಟವಾಗಿಲ್ಲ ಎಂದರ್ಥ. ಸಂಘದ ಉದಾಹರಣೆಯಲ್ಲಿ 120ರಲ್ಲಿ 31 ಮಂದಿ ‘ಹಂಚಿಗೆ ಅಂಟುತ್ತದೆ’ ಎಂದಿದ್ದಾರೆ ಎನ್ನಿ. ಒಬ್ಬಳು ಇದನ್ನು ಹಂಚಿನ ದೋಷ ಎಂದು ಬರೆದಳು, ಇನ್ನೊಬ್ಬಳು ಹಿಟ್ಟಿನ ದೋಷ ಎಂದು. ಜಗಳ ಬಿಡಿಸಲು ಮತ್ತೆ ಮೂಲ ಕಾಮೆಂಟುಗಳಿಗೆ ಹೋದಾಗ ಒಂದರಲ್ಲಿ ಹೀಗಿತ್ತು: ‘ಮೊದಲ ಎರಡು ದೋಸೆ ಚೆನ್ನಾಗಿ ಎದ್ದವು, ಆಮೇಲಿಂದು ಕಚ್ಚಿಕೊಂಡಿತು.’ ಇನ್ನೂ ಕೆಲವರು ಬೇರೆ ಮಾತಿನಲ್ಲಿ ಇದನ್ನೇ ಹೇಳಿದ್ದರು. ಹಂಚು ಅದೇ, ಹಿಟ್ಟೂ ಅದೇ; ಬದಲಾದದ್ದು ನಡುವೆ ಕಳೆದ ಹತ್ತು ನಿಮಿಷ. ಕಲಸಿಟ್ಟ ರಾಗಿ ಹಿಟ್ಟು ನೀರು ಹೀರಿಕೊಂಡು ಗಟ್ಟಿಯಾಗುತ್ತದೆ. ಅಲ್ಲಿಗೆ ಪಾಕವನ್ನೇ ಬದಲಿಸಬೇಕೇನೋ ಎಂದು ಕಂಡಿದ್ದ ಸಮಸ್ಯೆ, ‘ಕಲಸಿ ಹತ್ತು ನಿಮಿಷ ಬಿಡಿ, ಹುಯ್ಯುವ ಮುನ್ನ ಅರ್ಧ ಲೋಟ ನೀರು ಸೇರಿಸಿ’ ಎಂಬ ಸೂಚನೆಯಿಂದ ಬಗೆಹರಿಯಬಹುದು ಎಂಬ ಊಹೆಗೆ ಬಂದು ನಿಂತಿತು. ಅದನ್ನು ಅಡುಗೆಮನೆಯಲ್ಲಿ ಅದೇ ದಿನ ಪರೀಕ್ಷಿಸಬಹುದು.

ಕನ್ನಡದ ಕಾಮೆಂಟುಗಳಲ್ಲಿ ಇನ್ನೊಂದು ತೊಡಕಿದೆ. ಒಬ್ಬರು ಕನ್ನಡ ಅಕ್ಷರದಲ್ಲಿ, ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಇನ್ನೊಬ್ಬರು ಅರ್ಧರ್ಧ ಬರೆಯುತ್ತಾರೆ. ಅಂಟುತ್ತೆ, ಕಚ್ಚುತ್ತೆ, ಏಳಲ್ಲ, ಹಿಡ್ಕೊಳತ್ತೆ ಎಲ್ಲವೂ ಒಂದೇ ದೂರು. ಪದ ಹುಡುಕಿ ಎಣಿಸಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ‘ಸೂಪರ್ ದೋಸೆ, ಗೋಡೆಗೆ ಪೋಸ್ಟರ್ ಅಂಟಿಸಬಹುದು’ ಎಂಬುದನ್ನು ಹೊಗಳಿಕೆಯ ಲೆಕ್ಕಕ್ಕೂ ಸೇರಿಸಿಬಿಡುತ್ತೇವೆ. ನೂರಿನ್ನೂರು ಕಾಮೆಂಟಿಗೆ ಕಣ್ಣಿಂದ ಓದುವುದೇ ಸರಿ.

ಇದರ ಮಿತಿಯೂ ಸ್ಪಷ್ಟ. ಕಾಮೆಂಟು ಬರೆದವರೆಲ್ಲ ಮಿಕ್ಸ್ ಕೊಂಡವರು. ಅಂಗಡಿಯಲ್ಲಿ ಅದನ್ನು ನೋಡಿಯೂ ಕೈಗೆ ತೆಗೆದುಕೊಳ್ಳದೆ ಮುಂದೆ ಹೋದವರ ಕಾರಣ ಅಲ್ಲಿ ಇರುವುದಿಲ್ಲ. 31 ಮಂದಿ ಅಂಟುತ್ತದೆ ಎಂದರೆಂದು ಕೊಂಡವರಲ್ಲಿ ಕಾಲು ಭಾಗಕ್ಕೆ ಅಂಟುತ್ತದೆ ಎಂದೂ ಹೇಳಲಾಗದು; ಅಂಟಿದವರು ಬರೆದಷ್ಟು ಅಂಟದವರು ಬರೆಯುವುದಿಲ್ಲ. ಹೊಗಳಿಕೆಗಳಲ್ಲಿ ಹಣ ಕೊಟ್ಟು ಬರೆಸಿದವೂ ಸೇರಿರಬಹುದು. ಇಂಥ ನಕಲಿ ರಿವ್ಯೂಗಳ ಕಾಟಕ್ಕಾಗಿಯೇ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಐಎಸ್ 19000 ಎಂಬ ಮಾನಕ ಹೊರಡಿಸಿತು. ಹೀಗಾಗಿ ಕಾಮೆಂಟುಗಳಿಂದ ಶೇಕಡಾವಾರು ಲೆಕ್ಕ ತೆಗೆಯಬಾರದು. ಯಾವ ಯಾವ ತೊಡಕುಗಳಿವೆ, ಜನ ಅವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದಷ್ಟಕ್ಕೇ ಅವು ಸಾಕ್ಷಿ.

ಎದುರಿಗೆ ಕೂತು ಕೇಳುವುದು

ಕೊಳ್ಳದವರ ಕಾರಣ ತಿಳಿಯಲು ಮಾತಾಡಿಸಲೇಬೇಕು. ಎಷ್ಟು ಜನರನ್ನು? ಅಮೆರಿಕದ ಗ್ರಿಫಿನ್ ಮತ್ತು ಹೌಸರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದೇ ಬಗೆಯ ಗ್ರಾಹಕರಲ್ಲಿ 20ರಿಂದ 30 ಮಂದಿಯ ಜೊತೆ ಒಬ್ಬೊಬ್ಬರಾಗಿ ಮಾತಾಡಿದರೆ ಅವರ ಅಗತ್ಯಗಳಲ್ಲಿ ಶೇ 90ಕ್ಕೂ ಹೆಚ್ಚು ಹೊರಬರುತ್ತವೆ. ಸಣ್ಣ ಉದ್ಯಮಕ್ಕೆ ಇನ್ನೂ ಸರಳವಾದ ಗುರುತು ಇದೆ: ಸತತವಾಗಿ ನಾಲ್ಕೈದು ಜನರಿಂದ ಹೊಸ ಮಾತೇ ಬರದಿದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಪ್ರಶ್ನೆ ಹೇಗಿರಬೇಕು ಎನ್ನುವುದರಲ್ಲಿ ಒಂದೇ ಒಂದು ನಿಯಮ ನೆನಪಿಟ್ಟರೆ ಬಹುಪಾಲು ತಪ್ಪು ತಪ್ಪುತ್ತದೆ. ಮುಂದೆ ಏನು ಮಾಡುತ್ತೀರಿ ಎಂದು ಕೇಳಬಾರದು, ಹಿಂದೆ ಏನು ಮಾಡಿದಿರಿ ಎಂದು ಕೇಳಬೇಕು. ‘ಆರೋಗ್ಯಕ್ಕೆ ಒಳ್ಳೆಯ ತಿಂಡಿ ಇಷ್ಟಪಡುತ್ತೀರಾ?’ ಎಂದರೆ ಇಲ್ಲ ಅನ್ನುವವರು ಯಾರು? ಅದರ ಬದಲು ಮಾತು ಹೀಗೆ ಸಾಗಬಹುದು:

‘ಅಕ್ಕ, ಕೊನೆ ಸಲ ದೋಸೆ ಮಾಡಿದ್ದು ಯಾವಾಗ?’

‘ಮೊನ್ನೆ ಭಾನುವಾರ.’

‘ಹಿಟ್ಟು ಮನೇಲೇ ರುಬ್ಬಿದ್ದಾ?’

‘ಎಲ್ಲಿ ಟೈಮು? ಅಂಗಡಿಯಿಂದ ಒಂದು ಕೆಜಿ ಹಿಟ್ಟು ತಂದ್ವಿ.’

‘ರಾಗಿ ದೋಸೆ ಮಾಡ್ತೀರಾ?’

‘ನಂಗಿಷ್ಟಾನೇ. ಮಕ್ಕಳು ಮುಟ್ಟಲ್ಲ. ಬೆಳಿಗ್ಗೆ ಆ ಗಡಿಬಿಡೀಲಿ ಎರಡು ಥರ ಯಾರು ಮಾಡ್ತಾರೆ?’

‘ಕೊನೆಗೆ ಮಾಡಿದ್ದು ಯಾವಾಗ ಹಾಗಾದ್ರೆ?’

‘ಹೋದ ವಾರ, ರಾತ್ರಿ. ಮಕ್ಕಳಿಗೆ ಚಪಾತಿ ಆದ್ಮೇಲೆ ನಮ್ಮನೆಯವರಿಗೂ ನನಗೂ ಎರಡೆರಡು ಹುಯ್ದೆ.’

ಇಷ್ಟು ಮಾತಿನಲ್ಲಿ ಸಂಘಕ್ಕೆ ಮೂರು ವಿಷಯ ಸಿಕ್ಕಿದವು. ಪೈಪೋಟಿ ಇರುವುದು ಇನ್ನೊಂದು ರೆಡಿ ಮಿಕ್ಸ್ ಜೊತೆಗಲ್ಲ, ಅಂಗಡಿಯ ರುಬ್ಬಿದ ಹಿಟ್ಟಿನ ಜೊತೆ. ಹೊತ್ತು ಬೆಳಗಿನ ತಿಂಡಿಯದಲ್ಲ, ರಾತ್ರಿ ಊಟದ್ದು. ತಿನ್ನುವವರು ಇಡೀ ಮನೆಯವರಲ್ಲ, ಇಬ್ಬರು. ‘ಮನೆಮಂದಿಗೆಲ್ಲ ಬೆಳಗಿನ ತಿಂಡಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಕೆಜಿ ಪೌಚು ಮಾಡಿಸುವ ಯೋಚನೆಯಿದ್ದರೆ ಅದು ಇಲ್ಲೇ ನಿಲ್ಲಬೇಕು. ‘ರಾಗಿ ದೋಸೆ ಮಿಕ್ಸ್ ಕೊಳ್ಳುತ್ತೀರಾ?’ ಎಂದು ಈಕೆಯನ್ನೇ ಪೋಲ್‌ನಲ್ಲಿ ಕೇಳಿದ್ದರೆ ‘ಹೌದು’ ಎಂದು ಒತ್ತಿರುತ್ತಿದ್ದಳು, ಅದು ಸತ್ಯವೂ ಆಗಿರುತ್ತಿತ್ತು. ಒಬ್ಬರ ಮಾತಿನಿಂದ ತೀರ್ಮಾನವಾಗದು. ಇಪ್ಪತ್ತು ಮನೆಗಳಲ್ಲಿ ಹನ್ನೆರಡರಲ್ಲಾದರೂ ‘ರಾತ್ರಿ, ಇಬ್ಬರಿಗೆ’ ಎಂಬ ಚಿತ್ರ ಮರಳಿ ಬಂದರೆ ಅದನ್ನು ಗಟ್ಟಿ ಸುಳಿವು ಎನ್ನಬಹುದು.

ರುಚಿ ಕೇಳುವಾಗ ನಮ್ಮ ಕಡೆಯ ದಾಕ್ಷಿಣ್ಯ ಅಡ್ಡ ಬರುತ್ತದೆ. ಎದುರಿಗೆ ನಿಂತು ದೋಸೆ ಬಡಿಸಿ ಹೇಗಿದೆ ಎಂದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಮಾಡಿದವಳು ಅಲ್ಲಿರಬಾರದು, ಎರಡು ಮಾದರಿ ಕೊಟ್ಟು ಯಾವುದು ನಮ್ಮದೆಂದು ಹೇಳಬಾರದು, ಅರ್ಧದಷ್ಟು ಜನಕ್ಕೆ ಮೊದಲು ಒಂದನ್ನು, ಉಳಿದವರಿಗೆ ಮೊದಲು ಇನ್ನೊಂದನ್ನು ಕೊಡಬೇಕು. ಮಾತಿಗಿಂತ ತಟ್ಟೆ ನೋಡುವುದು ಮೇಲು: ಎರಡನೆಯ ದೋಸೆ ಕೇಳಿದವರೆಷ್ಟು, ಅರ್ಧ ಬಿಟ್ಟವರೆಷ್ಟು ಎಂದು ಗುರುತು ಹಾಕಿಕೊಂಡರೆ ಸಾಕು.

ರುಚಿ ಪರೀಕ್ಷೆ ಎಷ್ಟೇ ದೊಡ್ಡದಾಗಿರಲಿ, ಕೇಳದೆ ಬಿಟ್ಟ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಕೋಕಾ-ಕೋಲಾ ಕಂಪನಿ ಸುಮಾರು ಎರಡು ಲಕ್ಷ ಜನರಿಗೆ ಹೊಸ ಪಾಕ ಕುಡಿಸಿ ನೋಡಿ, ಹೆಚ್ಚಿನವರು ಮೆಚ್ಚಿದ ಮೇಲೆ 1985ರ ಏಪ್ರಿಲ್ 23ರಂದು ಅದನ್ನು ಬಿಡುಗಡೆ ಮಾಡಿ ಹಳೆಯದನ್ನು ನಿಲ್ಲಿಸಿತು. ಜನ ಸಿಡಿದೆದ್ದರು, 79 ದಿನಗಳಲ್ಲಿ ಹಳೆಯ ಪಾಕ ಮರಳಿ ಬಂತು. ಎರಡರಲ್ಲಿ ಯಾವುದು ರುಚಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಹಳೆಯದು ಇನ್ನು ಸಿಗುವುದೇ ಇಲ್ಲ ಎಂದರೆ ಏನು ಅನ್ನಿಸುತ್ತದೆ ಎಂಬುದು ಆ ಗುಟುಕಿನ ಪರೀಕ್ಷೆಯಲ್ಲಿ ಇರಲೇ ಇಲ್ಲ. ಸಂಘದ ಮಟ್ಟದಲ್ಲೂ ಇದೇ ಪಾಠ: ದೋಸೆ ರುಚಿಯಾಗಿದೆಯೇ ಎಂಬುದರ ಜೊತೆಗೆ, ಇದು ಬಂದರೆ ಮನೆಯಲ್ಲಿ ಯಾವುದು ನಿಲ್ಲುತ್ತದೆ ಎಂದೂ ಕೇಳಬೇಕು. ಯಾವುದೂ ನಿಲ್ಲುವುದಿಲ್ಲ ಎಂದರೆ ಆ ಮನೆಯಲ್ಲಿ ಹೊಸ ಪ್ಯಾಕೆಟ್‌ಗೆ ಬಹುಶಃ ಜಾಗವಿಲ್ಲ.

ಪೋಲ್: ಎಣಿಕೆಗೆ ಮಾತ್ರ

ಈಗ ಸಂಘಕ್ಕೆ ಎಣಿಸಿ ನೋಡಬೇಕಾದ ಪ್ರಶ್ನೆ ಒಂದಿದೆ: ಪೌಚು 200 ಗ್ರಾಂ ಇರಲೋ, 500 ಗ್ರಾಂ ಇರಲೋ? ಪೋಲ್‌ಗೆ ತಕ್ಕ ಪ್ರಶ್ನೆ ಇದು. ಆಯ್ಕೆ ಎರಡೇ, ಉತ್ತರ ಯಾವ ಕಡೆ ಬಂದರೂ ಮಾಡುವ ಕೆಲಸ ಬದಲಾಗುತ್ತದೆ.

ವಾಟ್ಸ್ಆ್ಯಪ್ ಗ್ರೂಪಿನ ಪೋಲ್ ಸುಲಭ, ಆದರೆ ಅದರಲ್ಲಿ ಗುಟ್ಟಿಲ್ಲ. ಯಾರು ಯಾವುದಕ್ಕೆ ಒತ್ತಿದರು ಎಂಬುದು ಗ್ರೂಪಿನವರಿಗೆಲ್ಲ ಕಾಣುತ್ತದೆ, ಆವರೆಗಿನ ಎಣಿಕೆಯೂ ಕಾಣುತ್ತದೆ. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ಮೊದಲು ಒತ್ತಿದರೆ ಹಿಂದಿನಿಂದ ಬರುವವರು ಅದೇ ಕಡೆ ವಾಲುತ್ತಾರೆ. ಗೂಗಲ್ ಫಾರ್ಮ್‌ನಲ್ಲಿ ಉತ್ತರಗಳನ್ನು ಉಳಿದವರಿಗೆ ಕಾಣದಂತೆ ಇಡಬಹುದು, ಆಯ್ಕೆಗಳ ಕ್ರಮವನ್ನು ಪ್ರತಿಯೊಬ್ಬರಿಗೂ ಬದಲಿಸಿ ತೋರಿಸಬಹುದು. ಮೊದಲ ಪ್ರಶ್ನೆ ‘ಕಳೆದ ಒಂದು ತಿಂಗಳಲ್ಲಿ ಮನೆಯಲ್ಲಿ ರಾಗಿ ದೋಸೆ ಮಾಡಿದ್ದೀರಾ?’ ಎಂದಿರಬೇಕು. ಇಲ್ಲ ಎಂದವರ ತೂಕದ ಆಯ್ಕೆಯನ್ನು ಬೇರೆಯಾಗಿ ಎಣಿಸಬೇಕು. ‘ಎರಡೂ ಬೇಡ’ ಎಂಬ ಆಯ್ಕೆಯೂ ಕಡ್ಡಾಯವಾಗಿ ಇರಬೇಕು. ಇಲ್ಲದಿದ್ದರೆ ಬೇಡದವರೂ ಯಾವುದಾದರೂ ಒಂದನ್ನು ಒತ್ತಿ ಹೋಗುತ್ತಾರೆ.

64 ಮಂದಿ ಉತ್ತರಿಸಿ, 36 ಮಂದಿ 200 ಗ್ರಾಂ, 28 ಮಂದಿ 500 ಗ್ರಾಂ ಎಂದರೆನ್ನಿ. ಶೇ 56ಕ್ಕೆ 44. ಚಿಕ್ಕ ಪೌಚು ಗೆದ್ದಿತೇ? ಇಲ್ಲಿ ಬಾಯಲ್ಲೇ ಮಾಡಬಹುದಾದ ಲೆಕ್ಕವಿದೆ. ಉತ್ತರಿಸಿದವರ ಸಂಖ್ಯೆಯ ವರ್ಗಮೂಲದಿಂದ ನೂರನ್ನು ಭಾಗಿಸಿದರೆ ಅಂದಾಜು ಏರುಪೇರು ಶೇಕಡಾವಾರಿನಲ್ಲಿ ಸಿಗುತ್ತದೆ. 64ರ ವರ್ಗಮೂಲ 8. ನೂರನ್ನು 8ರಿಂದ ಭಾಗಿಸಿದರೆ ಹನ್ನೆರಡೂವರೆ. ಅಂದರೆ ನಿಜವಾದ ಸಂಖ್ಯೆ ಶೇ 44ರಿಂದ 69ರ ನಡುವೆ ಎಲ್ಲಾದರೂ ಇರಬಹುದು. ಗೆಲುವು ಸಾಬೀತಾಗಲಿಲ್ಲ. ಏರುಪೇರು ಶೇ 5ಕ್ಕೆ ಇಳಿಯಬೇಕಾದರೆ 400 ಮಂದಿ ಬೇಕು. ಸಣ್ಣ ಪೋಲ್‌ನಲ್ಲಿ 70ಕ್ಕೆ 30ರಂಥ ದೊಡ್ಡ ಅಂತರ ಬಂದರೆ ಮಾತ್ರ ಅದನ್ನು ತೀರ್ಪು ಎಂದುಕೊಳ್ಳಬೇಕು.

ಈ ಲೆಕ್ಕವೂ ಉತ್ತರಿಸಿದವರು ಇಡೀ ಊರಿನಿಂದ ಚೀಟಿ ಎತ್ತಿದಂತೆ ಆಯ್ದವರಾಗಿದ್ದರೆ ಮಾತ್ರ ನಿಲ್ಲುತ್ತದೆ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಆಯ್ಕೆಯ ದೋಷ ಹೋಗುವುದಿಲ್ಲ ಎಂಬುದಕ್ಕೆ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯ ಕಥೆ ಪ್ರಸಿದ್ಧ. 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಅದು ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತು, 20 ಲಕ್ಷಕ್ಕೂ ಮೀರಿ ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು. 48 ರಾಜ್ಯಗಳಲ್ಲಿ 46ನ್ನು ಗೆದ್ದದ್ದು ರೂಸ್ವೆಲ್ಟ್. ವಿಳಾಸಗಳನ್ನು ಟೆಲಿಫೋನ್ ಪುಸ್ತಕ, ಕಾರು ನೋಂದಣಿಯಂಥ ಪಟ್ಟಿಗಳಿಂದ ತೆಗೆದಿದ್ದರು. ಆ ಕಾಲದಲ್ಲಿ ಅವು ಉಳ್ಳವರ ಪಟ್ಟಿಗಳು. ಜೊತೆಗೆ ಉತ್ತರ ಬರೆದು ಕಳಿಸಿದವರ ಒಲವು ಸುಮ್ಮನಿದ್ದವರ ಒಲವಿನಂತಿರಲಿಲ್ಲ. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಅದಕ್ಕಿಂತ ಬಹಳ ಚಿಕ್ಕದಾದ, ಆದರೆ ಎಚ್ಚರದಿಂದ ಆಯ್ದ ಗುಂಪನ್ನು ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ಸಂಘದ ಸದಸ್ಯೆಯರ ಪರಿಚಯದ ಗ್ರೂಪುಗಳೂ ಇಂಥದೇ ಪಟ್ಟಿ. ಇದಕ್ಕೆ ನಮ್ಮ ದೇಶದಲ್ಲೇ ರೂಪುಗೊಂಡ ಒಂದು ಉಪಾಯ ಕೆಲಸಕ್ಕೆ ಬರುತ್ತದೆ. ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಪಿ.ಸಿ. ಮಹಲನೋಬಿಸ್ ಒಂದೇ ಪ್ರದೇಶವನ್ನು ಎರಡು ಪ್ರತ್ಯೇಕ ಮಾದರಿಗಳಲ್ಲಿ, ಬೇರೆಬೇರೆ ತಂಡಗಳಿಂದ ಅಳೆಸಿ ಹೋಲಿಸುತ್ತಿದ್ದರು. ಎರಡರ ನಡುವಿನ ವ್ಯತ್ಯಾಸ ಹೆಚ್ಚಾಗಿದ್ದರೆ ಅಳತೆಯಲ್ಲೇ ಏನೋ ಕೆಟ್ಟಿದೆ ಎಂದರ್ಥ. ಅದರ ಸರಳ ರೂಪ ಹೀಗೆ: ಇದೇ ಫಾರ್ಮ್ ಅನ್ನು ಜಯನಗರದ ಅಪಾರ್ಟ್‌ಮೆಂಟ್ ಗ್ರೂಪಿಗೆ ಒಂದು, ಪೀಣ್ಯದ ಕೆಲಸಗಾರ ಕುಟುಂಬಗಳಿಗೆ ಒಂದು ಎಂದು ಬೇರೆ ಬೇರೆ ಲಿಂಕಿನಲ್ಲಿ ಕಳಿಸಬೇಕು. ಎರಡರಲ್ಲೂ ಚಿಕ್ಕ ಪೌಚೇ ಮುಂದಿದ್ದರೆ ಧೈರ್ಯ ಬರುತ್ತದೆ. ಒಂದು ಕಡೆ 200, ಇನ್ನೊಂದು ಕಡೆ 500 ಎಂದು ಬಂದರೆ ಎರಡನ್ನೂ ಸೇರಿಸಿ ಸರಾಸರಿ ತೆಗೆಯಬಾರದು. ಅವು ಎರಡು ಬೇರೆ ಮಾರುಕಟ್ಟೆಗಳು.

ಬೆಲೆ ಕೇಳುವ ಬಗೆ

‘ಎಷ್ಟು ಕೊಡುತ್ತೀರಿ?’ ಎಂದು ನೇರವಾಗಿ ಕೇಳಿದರೆ ಜನ ಚೌಕಾಸಿಗೆ ಇಳಿಯುತ್ತಾರೆ. ನೆದರ್ಲೆಂಡ್ಸ್‌ನ ಪೀಟರ್ ವಾನ್ ವೆಸ್ಟೆನ್‌ಡಾರ್ಪ್ 1976ರಲ್ಲಿ ಮುಂದಿಟ್ಟ ನಾಲ್ಕು ಪ್ರಶ್ನೆಗಳ ವಿಧಾನ ಇದಕ್ಕಿಂತ ಮೇಲು. 200 ಗ್ರಾಂ ಪೌಚು ಕೈಗೆ ಕೊಟ್ಟು ಕೇಳುವುದು ಇಷ್ಟು: ಯಾವ ಬೆಲೆಗೆ ಇದು ಇಷ್ಟು ಅಗ್ಗ ಎಂದರೆ ಗುಣಮಟ್ಟದ ಬಗ್ಗೆ ಅನುಮಾನ ಬರುತ್ತದೆ? ಯಾವ ಬೆಲೆಗೆ ಒಳ್ಳೆಯ ವ್ಯಾಪಾರ ಅನ್ನಿಸುತ್ತದೆ? ಯಾವ ಬೆಲೆಗೆ ದುಬಾರಿ, ಆದರೂ ನೋಡೋಣ ಅನ್ನಿಸುತ್ತದೆ? ಯಾವ ಬೆಲೆಗೆ ಬೇಡವೇ ಬೇಡ?

ಮೂವತ್ತು ನಲವತ್ತು ಜನರ ಉತ್ತರ ಸಿಕ್ಕರೆ ಕಾಗದದ ಮೇಲೆ ಗೆರೆ ಎಳೆದು ನೋಡಬಹುದು. ಅನುಮಾನ ಪಡುವವರು ಕಡಿಮೆಯಾಗಿ, ಬೇಡವೇ ಬೇಡ ಎನ್ನುವವರು ಇನ್ನೂ ಹೆಚ್ಚದ ನಡುವಿನ ಜಾಗವೇ ಜನರಿಗೆ ಒಪ್ಪಿಗೆಯಾಗುವ ಬೆಲೆ. ಸಂಘಕ್ಕೆ ಅದು 60ರಿಂದ 85 ರೂಪಾಯಿ ಎಂದು ಬಂತೆನ್ನಿ. ಪೌಚೊಂದಕ್ಕೆ ಹಿಟ್ಟು, ಪ್ಯಾಕಿಂಗ್, ಸಾಗಣೆ, ಅಂಗಡಿಯವರ ಕಮಿಷನ್ ಸೇರಿ 70 ತಗಲುತ್ತಿದ್ದರೆ ಉಳಿಯುವುದು ಹದಿನೈದು ರೂಪಾಯಿಯ ಜಾಗ. ಇದರಿಂದ ಬೆಲೆಯ ಮಿತಿ ಗೊತ್ತಾಗುತ್ತದೆಯೇ ಹೊರತು ಆ ಬೆಲೆಗೆ ಎಷ್ಟು ಜನ ಕೊಳ್ಳುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ಇನ್ನೊಂದು, ಅಂಗಡಿಯ ರುಬ್ಬಿದ ಹಿಟ್ಟನ್ನು ನೆನೆದು ಹೇಳಿದವರ ಬೆಲೆಯೂ ಸಿರಿಧಾನ್ಯದ ಅಂಗಡಿಯನ್ನು ನೆನೆದು ಹೇಳಿದವರ ಬೆಲೆಯೂ ಒಂದೇ ಆಗಿರುವುದಿಲ್ಲ. ಯಾವುದಕ್ಕೆ ಹೋಲಿಸಿ ಹೇಳಿದಿರಿ ಎಂದು ಕೊನೆಗೆ ಕೇಳಿ ಬರೆದುಕೊಂಡರೆ ಉತ್ತರಗಳು ಅರ್ಥವಾಗುತ್ತವೆ.

ಮುಂಗಡ ಮತ್ತು ಮರುಖರೀದಿ

ಕೊಳ್ಳುವ ಮನಸ್ಸನ್ನು ಅಳೆಯಲು ಹೌದು–ಇಲ್ಲ ಸಾಲದು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಜಸ್ಟರ್ 1966ರಲ್ಲಿ ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಮೆಟ್ಟಿಲಿನ ಅಳತೆ ಕೊಟ್ಟರು. ‘ಮುಂದಿನ ತಿಂಗಳು ಕೊಳ್ಳುವ ಸಾಧ್ಯತೆ ಹತ್ತರಲ್ಲಿ ಎಷ್ಟು?’ ಎಂದು ಕೇಳಿದರೆ ದಾಕ್ಷಿಣ್ಯದ ‘ಹೌದು’ಗಳು ನಾಲ್ಕಕ್ಕೋ ಐದಕ್ಕೋ ಇಳಿಯುತ್ತವೆ. ಆದರೂ ಅದು ಮಾತೇ. ಮಾತಿಗೆ ಖರ್ಚಿಲ್ಲ, ಮುಂಗಡಕ್ಕೆ ಇದೆ.

ಸಂಘ ಹತ್ತು ಕೆಜಿ ಮಿಕ್ಸ್ ಮಾಡಿ, ಸಾದಾ ಪೌಚಿಗೆ ಸ್ಟಿಕ್ಕರ್ ಅಂಟಿಸಿ, 150 ಜನರಿಗೆ ಸಂದೇಶ ಕಳಿಸುತ್ತದೆ: 200 ಗ್ರಾಂ, 80 ರೂಪಾಯಿ, ಯುಪಿಐ ಮೂಲಕ ಈಗಲೇ ಪಾವತಿ, ಶನಿವಾರ ತಲುಪುತ್ತದೆ, ಇಷ್ಟವಾಗದಿದ್ದರೆ ಹಣ ವಾಪಸ್. ಈ 150 ಮಂದಿ ಹಿಂದಿನ ಹಂತಗಳಲ್ಲಿ ಮಾತಾಡಿಸಿದವರಾಗಿರಬಾರದು. ಕೊಳ್ಳುತ್ತೀರಾ ಎಂದು ಕೇಳುವುದೇ ಕೊಳ್ಳುವಿಕೆಯನ್ನು ಬದಲಿಸುತ್ತದೆ ಎಂದು ಮಾರ್ವಿಟ್ಜ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ್ದಾರೆ. ನಾವೇ ಕೂರಿಸಿ ಮಾತಾಡಿಸಿದವರು ನಮ್ಮ ಮುಖ ನೋಡಿಯೂ ಕೊಳ್ಳುತ್ತಾರೆ.

48 ಮಂದಿ ‘ಖಂಡಿತ ಬೇಕು’ ಎಂದು ಉತ್ತರಿಸುತ್ತಾರೆ, 25 ಮಂದಿ ಹಣ ಕಳಿಸುತ್ತಾರೆ. ಆ 25ರಲ್ಲಿ ಆರು ಮಂದಿ ಸದಸ್ಯೆಯರ ನೆಂಟರು. ಅವರನ್ನು ತೆಗೆದರೆ 19. ಅಲ್ಲಿಗೆ ‘ಖಂಡಿತ’ ಎಂಬ ಮಾತಿನ ಬೆಲೆ ಅರ್ಧಕ್ಕಿಂತ ಕಡಿಮೆ ಎಂದಾಯಿತು. ಆದರೆ ಮೊದಲ ಪೌಚು ಕುತೂಹಲಕ್ಕೂ ಹೋಗುತ್ತದೆ. ಮೂರು ವಾರ ಬಿಟ್ಟು ಆ 19 ಮಂದಿಗೆ ಮತ್ತೆ ಒಂದೇ ಸಂದೇಶ ಕಳಿಸಬೇಕು, ರಿಯಾಯಿತಿ ಕೊಡಬಾರದು, ನೆನಪಿಸಬಾರದು. ಏಳು ಮಂದಿ ಮತ್ತೆ ಕೊಂಡರು ಎನ್ನಿ. ಹತ್ತೊಂಬತ್ತಕ್ಕೆ ಏಳು ಎಂದರೆ ಶೇ 37. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ನಿಜವಾದ ಪಾಲು ಐದರಲ್ಲೊಂದೂ ಇರಬಹುದು, ಐದರಲ್ಲಿ ಮೂರೂ ಇರಬಹುದು. ಹಾಗಾಗಿ ಈ ಏಳರ ಮೇಲೆ ವರ್ಷದ ಮಾರಾಟದ ಲೆಕ್ಕ ಕಟ್ಟಬಾರದು. ಆದರೆ ಹತ್ತೊಂಬತ್ತರಲ್ಲಿ ಒಬ್ಬರೂ ಮರಳದಿದ್ದರೆ ಅದು ಸ್ಪಷ್ಟ ಉತ್ತರ. ಚಿಕ್ಕ ಪರೀಕ್ಷೆಗಳು ‘ಬೇಡ’ ಎಂಬುದನ್ನು ಹೇಳುವಷ್ಟು ಗಟ್ಟಿಯಾಗಿ ‘ಇಷ್ಟು ಬೇಕು’ ಎಂಬುದನ್ನು ಹೇಳಲಾರವು.

ಇಲ್ಲಿ ಕಾನೂನಿನ ಕೆಲವು ಗೆರೆಗಳಿವೆ. ಹಣ ಪಡೆದು ಆಹಾರ ಮಾರುವುದು ಪರೀಕ್ಷೆಗೇ ಆಗಿದ್ದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲೇ ಆಗಿರಬೇಕು. ಫಾರ್ಮ್‌ನಲ್ಲಿ ಫೋನ್ ನಂಬರ್ ತೆಗೆದುಕೊಂಡರೆ ಯಾತಕ್ಕೆಂದು ಹೇಳಿ ಒಪ್ಪಿಗೆ ಪಡೆಯಬೇಕು, ಅದಕ್ಕಷ್ಟೇ ಬಳಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು ಇದೇ. ಕಾಮೆಂಟುಗಳಲ್ಲಿ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂಬ ಮಾತು ಎಷ್ಟು ಸಲ ಬಂದರೂ ಅದನ್ನು ಪೌಚಿನ ಮೇಲೆ ಹಾಕುವಂತಿಲ್ಲ. ಕಾಯಿಲೆ ವಾಸಿ ಮಾಡುತ್ತದೆ ಎಂಬಂಥ ಹೇಳಿಕೆಗಳಿಗೆ 2018ರ ಆಹಾರ ಜಾಹೀರಾತು ಮತ್ತು ಹೇಳಿಕೆ ನಿಯಮಗಳು ಅಡ್ಡಿಯಾಗಿವೆ.

ಯಾವಾಗ ನಂಬಬಾರದು

ಈ ಇಡೀ ಕ್ರಮ ಕೆಲಸ ಮಾಡುವುದು ಜನರಿಗೆ ಆಗಲೇ ಪರಿಚಯವಿರುವ ವಸ್ತುವಿಗೆ. ದೋಸೆ ಎಲ್ಲರಿಗೂ ಗೊತ್ತು, ಹಾಗಾಗಿ ಕೊನೆಯ ಸಲ ಯಾವಾಗ ಮಾಡಿದಿರಿ ಎಂಬ ಪ್ರಶ್ನೆಗೆ ಅರ್ಥವಿದೆ. ಹಿಂದೆ ಯಾರೂ ಕಾಣದ ವಸ್ತುವಾದರೆ ಹೋಲಿಸಲು ಕಾಮೆಂಟುಗಳಿಲ್ಲ, ನೆನೆಯಲು ಅನುಭವವಿಲ್ಲ. ಅಲ್ಲಿ ವಸ್ತುವನ್ನೇ ಕೆಲವು ವಾರ ಬಳಸಲು ಕೊಟ್ಟು ನೋಡಬೇಕು. ಕಾಲದ ಮಿತಿಯೂ ಇದೆ. ರಾಗಿ ತಂಪು ಎಂದು ನಂಬುವ ನಮ್ಮ ಕಡೆ ಏಪ್ರಿಲ್‌ನಲ್ಲಿ ಮಾಡಿದ ಪರೀಕ್ಷೆ ಮಳೆಗಾಲಕ್ಕೆ ಹೊಂದದೆ ಹೋಗಬಹುದು. ಕೊಳ್ಳುವವರು ಒಬ್ಬರು, ತಿನ್ನುವವರು ಇನ್ನೊಬ್ಬರು ಆಗಿದ್ದಾಗ ಇಬ್ಬರನ್ನೂ ಕೇಳದೆ ಲೆಕ್ಕ ಪೂರ್ತಿಯಾಗದು.

ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ಆಸೆ. ಉತ್ತರ ಬಂದಮೇಲೆ ಗೆಲುವಿನ ಗೆರೆ ಎಳೆಯಹೊರಟರೆ ಎಂಥ ಅಂಕಿಯೂ ಗೆಲುವಾಗಿಯೇ ಕಾಣುತ್ತದೆ. ಅದಕ್ಕಾಗಿ ಮೊದಲ ಕಾಮೆಂಟು ಓದುವ ಮುನ್ನವೇ ಸಂಘದ ಸಭೆಯ ನಡಾವಳಿ ಪುಸ್ತಕದಲ್ಲಿ ಎರಡು ಸಾಲು ಬರೆದು ಎಲ್ಲರೂ ಸಹಿ ಹಾಕಬೇಕು: ನೆಂಟರನ್ನು ಬಿಟ್ಟು ಕನಿಷ್ಠ 15 ಮಂದಿ ಮುಂಗಡ ಕೊಡಬೇಕು, ಅವರಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮರಳಿ ಕೊಳ್ಳಬೇಕು. ಅದಕ್ಕಿಂತ ಕಡಿಮೆಯಾದರೆ ಪೌಚು ಅಚ್ಚಿಗೆ ಹೋಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ 19ಕ್ಕೆ ಏಳು ಬಂದು ಆ ಗೆರೆಯನ್ನು ಕೂದಲೆಳೆಯಷ್ಟು ದಾಟಿತು. ಅದು ಐದು ಸಾವಿರ ಬಣ್ಣದ ಪೌಚಿಗೆ ಸಿಕ್ಕ ಒಪ್ಪಿಗೆಯಲ್ಲ. ಇನ್ನೂ ಐವತ್ತು ಕೆಜಿ ಮಾಡಿ, ಅದೇ ಸ್ಟಿಕ್ಕರ್ ಪೌಚಿನಲ್ಲಿ ಹೊಸ 300 ಜನರಿಗೆ ಮಾರಿ ನೋಡಲು ಸಿಕ್ಕ ಒಪ್ಪಿಗೆ.